ಪಡುಬಿದ್ರಿ ಹತ್ತಿರ ಆಸಿಡ್ ಟ್ಯಾಂಕರ್ ಸೋರಿದ್ದು: ಡ್ರೈವರ್ ಬರೆದ ವರದಿ ಸಾಕಾ?

ಬೈಕಂಪಾಡಿ ಲೋಡಿಂಗ್
ಎಲ್ಲರಿಗೂ ನಮಸ್ಕಾರ. ಮಂಗಳೂರಿಂದ ಉಡುಪಿ ಕಡೆ ಹೋಗುತ್ತಿದ್ದ ಟ್ಯಾಂಕರ್ ಒಂದು ಹೆಜಮಾಡಿ ಟೋಲ್ ದಾಟಿದ ಮೇಲೆ ಸೋರಿತು. ಡ್ರೈವರ್ ಕೊಟ್ಟ ಹೇಳಿಕೆ ಕೆಳಗೆ ಉಂಟು, ಹೆಸರು, ಗಾಡಿ ನಂಬರ್ ತೆಗೆದಿದ್ದೇನೆ. ಇದನ್ನೇ ಮಾದರಿ ಮಾಡಿ ಉಳಿದ ಡ್ರೈವರ್‌ಗಳಿಗೆ ಕಲಿಸ್ಲಿಕ್ಕೆ ಹೊರಟಿದ್ದೇವೆ. ಎಲ್ಲಿ ಕೊರತೆ ಉಂಟು ಹೇಳಿ.

> ಬೆಳಿಗ್ಗೆ 6:40ಕ್ಕೆ ಕನ್ನಡಿಯಲ್ಲಿ ಗಾಡಿಯ ಹಿಂದೆ ಬಿಳಿ ಹೊಗೆ ಕಂಡಿತು. ಎಡಕ್ಕೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ. ಲೋಡ್ ಹೈಡ್ರೋಕ್ಲೋರಿಕ್ ಆಸಿಡ್ 32%, ತೂಕ 20,160 ಕೆ.ಜಿ. ಬಿಲ್, ಇ-ವೇ ಬಿಲ್, ತೂಕದ ಚೀಟಿ, ಸರಕಿನ ಅಪಾಯ ಮತ್ತು ತುರ್ತು ಕ್ರಮ ಬರೆದ ಟ್ರೆಮ್ ಕಾರ್ಡ್ ಎಲ್ಲಾ ಕ್ಯಾಬಿನ್‌ನಲ್ಲಿ ಇತ್ತು. ಅಡಿಯ ವಾಲ್ವ್ ಹತ್ತಿರ ಜೋರಾಗಿ ಸೋರುತ್ತಿತ್ತು. 6:55ಕ್ಕೆ 10 ಲೀಟರ್ ಪ್ಲಾಸ್ಟಿಕ್ ಬಕೆಟ್ ಇಟ್ಟೆ, ಎರಡೂವರೆ ನಿಮಿಷಕ್ಕೆ ತುಂಬಿತು. ಪೊಲೀಸರಿಗೆ, ಮಾಲೀಕರಿಗೆ ಫೋನ್ ಮಾಡಿದೆ. ದಾರಿಯಲ್ಲಿ ಹೋಗುವ ಎಲ್ಲರಿಗೂ ಎಚ್ಚರಿಕೆ ಕೊಟ್ಟೆ, ಪೂರ್ವದ ಬದಿಗೆ ಹೋಗಲು ಹೇಳಿದೆ. 8:15ಕ್ಕೆ ಕಾರ್ಖಾನೆಯವರು ಬಂದು ರಬ್ಬರ್ ಪಟ್ಟಿ ಕಟ್ಟಿದರು, ಸೋರುವುದು ಅರ್ಧ ಆಯಿತು. 9:15ರಿಂದ 10:20ರ ತನಕ ಬೇರೆ ಟ್ಯಾಂಕರ್‌ಗೆ ಪಂಪ್ ಮಾಡಿದರು.

ಪಡೆದ ಟ್ಯಾಂಕರಿನ ತೂಕ 910 ಕೆ.ಜಿ. ಕಡಿಮೆ ಬಂತು. ರಸ್ತೆಗೆ ಹೋದದ್ದು ಅಷ್ಟೂ ಹೌದಾ ಎಂಬುದೂ ಒಂದು ಪ್ರಶ್ನೆ.

ಬಂಟ್ವಾಳದವ
ಮೊದಲು ಸುತ್ತಲಿನ ಮನೆಗಳ ಒಲೆ ಆರಿಸ್ಲಿಕ್ಕೆ ಹೇಳಬೇಕಿತ್ತು. ಮೊಬೈಲ್ ಸ್ವಿಚ್ ಆಫ್. ಅರ್ಧ ಕಿಲೋಮೀಟರ್ ತನಕ ಬೆಂಕಿ ಕಡ್ಡಿ ಗೀರಬಾರದು. ಅದು ವರದಿಯಲ್ಲೇ ಇಲ್ಲ.

ಸುರತ್ಕಲ್ ಶಿಫ್ಟ್
ಅದು ಅಡುಗೆ ಅನಿಲದ ಟ್ಯಾಂಕರಿಗೆ ಅಣ್ಣ. ಇದು ಹೈಡ್ರೋಕ್ಲೋರಿಕ್, ಸ್ವತಃ ಉರಿಯುವುದಿಲ್ಲ. ಆದರೆ ಕಿಡಿಯ ಮಾತು ಪೂರ್ತಿ ತಪ್ಪೂ ಅಲ್ಲ. ಈ ಆಸಿಡ್ ಕಬ್ಬಿಣ ತಿಂದರೆ ಹೈಡ್ರೋಜನ್ ಹುಟ್ಟುತ್ತದೆ. ಟ್ಯಾಂಕಿನ ಒಳಗಿನ ರಬ್ಬರ್ ಪದರ ಹರಿದು ತಗಡು ಕರಗುತ್ತಾ ಇದ್ದರೆ ಟ್ಯಾಂಕಿನ ಮೇಲ್ಭಾಗದಲ್ಲಿ ಅದು ಕೂಡಿರಬಹುದು. ಹಾಗಾಗಿ ಟ್ಯಾಂಕರಿನ ಹತ್ತಿರ ಬೀಡಿ, ವೆಲ್ಡಿಂಗ್, ಗ್ರೈಂಡರ್ ಬೇಡ. ಅರ್ಧ ಕಿಲೋಮೀಟರ್ ಆಚೆಯ ಮನೆಯ ಒಲೆಗೂ ಇದಕ್ಕೂ ಸಂಬಂಧ ಇಲ್ಲ.

ಇಲ್ಲಿ ಜನರಿಗೆ ಅಪಾಯ ಹಬೆಯದ್ದು. ಕರಾವಳಿಯ ತೇವದ ಗಾಳಿಗೆ ತಾಗಿದ ಕೂಡ್ಲೆ ಅದು ಬಿಳಿ ಮಂಜಿನ ಹಾಗೆ ಕಾಣುತ್ತದೆ. ಗಾಳಿಗಿಂತ ಸ್ವಲ್ಪ ಭಾರ, ಹಾಗಾಗಿ ರಸ್ತೆ ಬದಿಯ ತಗ್ಗಿನಲ್ಲಿ ನಿಲ್ಲುತ್ತದೆ. 50 ಪಿ.ಪಿ.ಎಮ್. ಮುಟ್ಟಿದರೆ ಜೀವಕ್ಕೆ ಅಪಾಯದ ಮಟ್ಟ ಎಂದೇ ಲೆಕ್ಕ.

ಬಂಟ್ವಾಳದವ
ಸರಿ, ಗ್ಯಾಸ್ ಅಂದುಕೊಂಡೇ ಓದಿದೆ.

ಟೋಲ್‌ಗೇಟ್
ವರದಿ ಒಳ್ಳೆಯದೇ ಉಂಟು ಮಾರಾಯ್ರೆ. ಹೆಚ್ಚಿನವರು ಗಾಡಿ ಬಿಟ್ಟು ಓಡಿರ್ತಾರೆ. ಇವನು ಸಮಯ ಬರೆದಿದ್ದಾನೆ, ಬಕೆಟ್ ಇಟ್ಟು ಅಳೆದಿದ್ದಾನೆ. ಇನ್ನೆಂತ ಬೇಕು?

ರಬ್ಬರ್ ಲೈನಿಂಗ್
ಒಂದು ಫೋಟೋ ಆ ದಿನ ವಾಟ್ಸಾಪ್‌ನಲ್ಲಿ ಓಡಾಡಿತ್ತು. ಅದರಲ್ಲಿ ಟ್ಯಾಂಕಿನ ಹಿಂದಿನ ಫಲಕದ ನಂಬರ್ 1824. ಅದು ಕಾಸ್ಟಿಕ್ ಸೋಡಾ ದ್ರಾವಣದ್ದು. ಹೈಡ್ರೋಕ್ಲೋರಿಕ್‌ಗೆ 1789. ಬಿಲ್ ಒಂದು ಹೇಳುತ್ತದೆ, ಫಲಕ ಇನ್ನೊಂದು. ಇದು ವರದಿಯಲ್ಲಿ ಬರಲೇ ಇಲ್ಲವಲ್ಲ?

ಬೈಕಂಪಾಡಿ ಲೋಡಿಂಗ್
ಹೌದು, ಫಲಕ ಹಿಂದಿನ ಟ್ರಿಪ್ಪಿನದ್ದು. ಎರಡು ಬದಿಯದ್ದು ಬದಲಾಯಿಸಿದ್ದಾರೆ, ಹಿಂದಿನದು ಉಳಿದಿದೆ. ಡ್ರೈವರ್ ಗಮನಿಸಲಿಲ್ಲ ಅಂತಾನೆ.

ಟೋಲ್‌ಗೇಟ್
ಎರಡಕ್ಕೂ ತುರ್ತು ಸಂಕೇತ 2ಆರ್ ಅಲ್ವಾ? ಎರಡೂ 8ನೇ ವರ್ಗ, ಎರಡೂ ಚರ್ಮ ಸುಡುವಂಥದ್ದು. ಫೈರ್‌ನವರು ಬಂದು ಮಾಡುವ ಕೆಲಸ ಒಂದೇ. ಅದನ್ನು ದೊಡ್ಡದು ಮಾಡುವುದು ಬೇಡ.

ಸುರತ್ಕಲ್ ಶಿಫ್ಟ್
ಸಂಕೇತ ಎರಡಕ್ಕೂ 2ಆರ್, ಅದು ಸರಿ. ಮಂಜಿನಂಥ ನೀರು, ಪೂರ್ತಿ ಮೈ ಮುಚ್ಚುವ ಸೂಟ್, ಉಸಿರಾಟದ ಸಿಲಿಂಡರ್. ಆದರೆ ಅದು ಮೊದಲ ಕೆಲವು ನಿಮಿಷಕ್ಕೆ ಮಾತ್ರ. ಕಾಸ್ಟಿಕ್ ಹಬೆ ಬಿಡುವುದಿಲ್ಲ. 1824 ಅಂತ ಫೋನಿನಲ್ಲಿ ಕೇಳಿದವನು "ಮುಟ್ಟದಿದ್ದರೆ ಸಾಕು" ಅಂತ ಜನರನ್ನು ಹತ್ತು ಮೀಟರ್ ಹಿಂದೆ ನಿಲ್ಲಿಸುತ್ತಾನೆ. 1789 ಆದರೆ ಎಲ್ಲಾ ದಿಕ್ಕಿಗೂ ಕನಿಷ್ಠ 50 ಮೀಟರ್ ಖಾಲಿ ಮಾಡಿಸಬೇಕು, ಗಾಳಿ ಹೋಗುವ ಬದಿಯಲ್ಲಿ ಅದಕ್ಕಿಂತ ಹೆಚ್ಚು. ಆಮೇಲೆ ತಟಸ್ಥ ಮಾಡುವ ಕೆಲಸ ಪೂರಾ ಉಲ್ಟಾ. ಆಸಿಡ್‌ಗೆ ಸುಣ್ಣ ಬೇಕು. ಕಾಸ್ಟಿಕ್ ಮೇಲೆ ಸುಣ್ಣ ಹಾಕಿದರೆ ಏನೂ ಆಗುವುದಿಲ್ಲ, ಸುಮ್ಮನೆ ಕೆಸರು. ಕಾಸ್ಟಿಕ್ ಅಂತ ನಂಬಿ ಯಾರಾದರೂ ದುರ್ಬಲ ಆಸಿಡ್ ತಂದು ಸುರಿದರೆ?

ಫೋನ್ ಮಾಡುವವರೆಲ್ಲಾ ಡ್ರೈವರ್ ಅಲ್ಲ ನೋಡಿ. 112ಕ್ಕೆ ಮೊದಲು ಕರೆ ಮಾಡಿದ್ದು ಹಿಂದೆ ಬಂದ ಬೈಕಿನವನಾದರೆ ಅವನಿಗೆ ಕಾಣುವುದು ಹಿಂದಿನ ಫಲಕ ಮಾತ್ರ. ನಂಬರ್ 100 ಮಿ.ಮೀ.ಗಿಂತ ಕಮ್ಮಿ ಎತ್ತರ ಇರಬಾರದು ಎಂದು ನಿಯಮ ಇರುವುದೇ ಅವನು ದೂರದಿಂದ ಓದ್ಲಿ ಅಂತ.

ಬೈಕಂಪಾಡಿ ಲೋಡಿಂಗ್
ಹಾಗಾದರೆ ದಾಖಲೆಯ ಸಾಲು ಹೇಗೆ ಬರೆಯಬೇಕು?

ಸುರತ್ಕಲ್ ಶಿಫ್ಟ್
"ಎಲ್ಲಾ ಇತ್ತು" ಅನ್ನುವುದು ಬೇಡ. ಯಾವ ಕಾಗದದಲ್ಲಿ ಯಾವ ಹೆಸರು, ಯಾವ ನಂಬರ್, ಎಷ್ಟು ಶೇಕಡಾ ಎಂದು ಕಾಗದ ನೋಡಿ ಓದಿ ಹೇಳಬೇಕು. ಬಿಲ್ಲಿನಲ್ಲಿ ಇಂಥದ್ದು, ಟ್ರೆಮ್ ಕಾರ್ಡಿನಲ್ಲಿ ಇಂಥದ್ದು, ಮೂರು ಫಲಕದಲ್ಲಿ ಇಂಥಿಂಥದ್ದು. ಹೊಂದದಿದ್ದರೆ "ಹೊಂದುವುದಿಲ್ಲ, ಬಿಲ್ಲಿನದ್ದು ಸರಿ, ಯಾಕೆಂದರೆ ಲೋಡ್ ಮಾಡುವಾಗ ನಾನು ನೋಡಿದ್ದೇನೆ" ಅಂತ ಸೇರಿಸಬೇಕು. ಇನ್ನೊಂದು ವಿಷಯ: ಟ್ರೆಮ್ ಕಾರ್ಡ್ ಕ್ಯಾಬಿನ್‌ನಲ್ಲಿ ಇರಬೇಕು ಎಂಬುದು ಮೋಟಾರು ವಾಹನ ನಿಯಮ 133. ಆದರೆ ಹಬೆ ಬರುತ್ತಿರುವಾಗ ಕ್ಯಾಬಿನ್‌ಗೆ ವಾಪಸ್ ಹೋಗಿ ಹುಡುಕುವುದಲ್ಲ. ಇಳಿಯುವಾಗಲೇ ಫೈಲ್ ಕೈಯಲ್ಲಿ ಹಿಡಿದು ಇಳಿಯಬೇಕು. ಈ ವರದಿಯಲ್ಲಿ ಕಾಗದ ಎಲ್ಲಿತ್ತು ಅಂತ ಉಂಟು, ಪೊಲೀಸರ ಕೈಗೆ ಯಾವಾಗ ಸಿಕ್ಕಿತು ಅಂತ ಇಲ್ಲ.

ಬೈಕಂಪಾಡಿ ಲೋಡಿಂಗ್
ಕೇಳಿದೆ. ಫೈಲ್ ಸೀಟಿನ ಹಿಂದೆ ಇತ್ತಂತೆ. ಸೂಟ್ ಹಾಕಿದವರು 8 ಗಂಟೆ ಮೇಲೆ ತೆಗೆದುಕೊಟ್ಟದ್ದು.

ರಬ್ಬರ್ ಲೈನಿಂಗ್
ಅಂದರೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಎಲ್ಲರೂ ಹಿಂದಿನ ಫಲಕ ನಂಬಿದ್ದಾರೆ.

ಲೆಕ್ಕದ ಪುಸ್ತಕ
910 ಕೆ.ಜಿ. ಬಗ್ಗೆ. 32% ಆಸಿಡ್ ಲೀಟರಿಗೆ ಸುಮಾರು 1.16 ಕೆ.ಜಿ. ತೂಗುತ್ತದೆ. 910 ಅಂದರೆ 784 ಲೀಟರ್. ಈಗ ಡ್ರೈವರ್ ಹೇಳಿದ ಪ್ರಕಾರ ಹೋಗುವಾ. 10 ಲೀಟರ್ ಎರಡೂವರೆ ನಿಮಿಷಕ್ಕೆ, ಅಂದರೆ ನಿಮಿಷಕ್ಕೆ 4 ಲೀಟರ್. 6:40ರಿಂದ 8:15, 95 ನಿಮಿಷ, 380 ಲೀಟರ್. ಪಟ್ಟಿ ಕಟ್ಟಿದ ಮೇಲೆ ಅರ್ಧ, ನಿಮಿಷಕ್ಕೆ 2. 9:15ರ ತನಕ 120 ಲೀಟರ್. ಆಮೇಲೆ ಪಂಪ್ ಶುರುವಾಗಿ ಟ್ಯಾಂಕಿನ ಮಟ್ಟ ಇಳಿಯುತ್ತದೆ, ಮೇಲಿನ ಒತ್ತಡ ಕಮ್ಮಿಯಾದ ಹಾಗೆ ಸೋರುವುದೂ ಕಮ್ಮಿ. ಸಮನಾಗಿ ಇಳಿದರೆ ಸರಾಸರಿ ಮೂರರಲ್ಲಿ ಎರಡು ಪಾಲು ಅಂತ ಹಿಡಿಯಬಹುದು. 65 ನಿಮಿಷಕ್ಕೆ ಸುಮಾರು 87. ಒಟ್ಟು 590 ಲೀಟರ್ ಹತ್ತಿರ.

784ಕ್ಕೆ ಇನ್ನೂ 194 ಲೀಟರ್ ಕಮ್ಮಿ. ಅದು ಎಲ್ಲಿ ಹೋಯಿತು?

ರಬ್ಬರ್ ಲೈನಿಂಗ್
ಮೇಲಿನಿಂದ ಪೈಪ್ ಇಳಿಸಿ ಪಂಪ್ ಮಾಡಿದರೆ ತಳದ್ದು ಪೂರ್ತಿ ಬರುವುದಿಲ್ಲ. ಉಳಿದದ್ದನ್ನು ಪ್ಲಾಸ್ಟಿಕ್ ಬ್ಯಾರಲ್‌ಗೆ ಇಳಿಸಿರ್ತಾರೆ. ಒಂದು ಬ್ಯಾರಲ್ 200 ಲೀಟರ್. ಅದನ್ನು ತೂಕ ಮಾಡಿದ್ದಾರಾ ಕೇಳಿ.

ಬೈಕಂಪಾಡಿ ಲೋಡಿಂಗ್
ಒಂದು ಬ್ಯಾರಲ್ ತುಂಬಿಸಿದ್ದು ಹೌದು. ತೂಕ ಮಾಡಲಿಲ್ಲ.

ಲೆಕ್ಕದ ಪುಸ್ತಕ
ಹಾಗಾದರೆ ಬಕೆಟ್ ಲೆಕ್ಕ ಸರಿಯೇ ಉಂಟು. ರಸ್ತೆಗೆ ಹೋದದ್ದು 590 ಹತ್ತಿರ, 784 ಅಲ್ಲ. ತೂಕದ ವ್ಯತ್ಯಾಸವನ್ನೇ ಸೋರಿಕೆ ಅಂತ ಬರೆದರೆ ತಪ್ಪಾಗ್ತಿತ್ತು.

ಟೋಲ್‌ಗೇಟ್
ಬಕೆಟ್ ಇಟ್ಟದ್ದು ಒಳ್ಳೆಯದಾಯ್ತು ಅಂತ ಆಗ್ಲೇ ಹೇಳಿದೆ ನಾನು.

ಸುರತ್ಕಲ್ ಶಿಫ್ಟ್
ಲೆಕ್ಕ ಒಳ್ಳೆಯದಾಯ್ತು, ಕೆಲಸ ಒಳ್ಳೆಯದಾಗಲಿಲ್ಲ. ಬಕೆಟ್ ಇಡಲು ಅವನು ವಾಲ್ವಿನ ಅಡಿಗೆ ಬಗ್ಗಿದ್ದಾನೆ. ಸೋರುವ ಜಾಗದಿಂದ ಮುಖ ಅರ್ಧ ಮೀಟರ್ ದೂರ. ಗಮ್‌ಬೂಟ್, ಕೈಗವಸು, ಕನ್ನಡಕ ಇದ್ದರೂ ಉಸಿರಿಗೆ ಏನಿತ್ತು? ತುಂಬಿದ ಬಕೆಟ್ ಎತ್ತಿ ಎಲ್ಲಿ ಇಟ್ಟ? 10 ಲೀಟರ್ ಅಂದರೆ 11 ಕೆ.ಜಿ.ಗೂ ಮೇಲೆ, ಒಂದು ಕಡೆ ವಾಲಿದರೆ ಕಾಲ ಮೇಲೆ.

ದೂರದಿಂದ ಅಳೆಯುವ ದಾರಿ ಉಂಟು. ಮಡುವು ಎಷ್ಟು ಹರಡಿದೆ ನೋಡಿ. ಉದಾಹರಣೆಗೆ 6 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 5 ಮಿ.ಮೀ. ಆಳ ಅಂತ ಹಿಡಿದರೆ 120 ಲೀಟರ್. 40 ನಿಮಿಷಕ್ಕೆ ಅಷ್ಟು ಕೂಡಿದರೆ ನಿಮಿಷಕ್ಕೆ 3. ಬದಿಯ ಮಣ್ಣು ಕುಡಿದದ್ದು ಇದರಲ್ಲಿ ಸೇರುವುದಿಲ್ಲ, ಹಾಗಾಗಿ "ಕನಿಷ್ಠ 3" ಅಂತ ಹೇಳಬೇಕು. ಬಕೆಟಿನಷ್ಟು ನಿಖರ ಅಲ್ಲ, ಆದರೆ ಎಷ್ಟು ದೊಡ್ಡ ಟ್ಯಾಂಕರ್, ಎಷ್ಟು ಸುಣ್ಣ ಕಳಿಸಬೇಕು ಅಂತ ತೀರ್ಮಾನಿಸ್ಲಿಕ್ಕೆ ಸಾಕು.

ಲೆಕ್ಕದ ಪುಸ್ತಕ
ರಸ್ತೆಯ ವಾಟದಲ್ಲಿ 5 ಮಿ.ಮೀ. ಅಂತ ಹೇಗೆ ಹಿಡಿಯುವುದು? 2 ಇರಬಹುದು, 10 ಇರಬಹುದು. ಲೆಕ್ಕ ಐದು ಪಟ್ಟು ಆಚೀಚೆ ಆಗುತ್ತದೆ.

ಸುರತ್ಕಲ್ ಶಿಫ್ಟ್
ಆಗಲಿ. ಶ್ವಾಸಕೋಶ ಒಂದೇ ಇರುವುದು.

ರಬ್ಬರ್ ಲೈನಿಂಗ್
ಇಬ್ಬರೂ ಒಂದು ಮಾತು ಬಿಟ್ಟಿದ್ದೀರಿ. ಮೇಲಿನ ಮ್ಯಾನ್‌ಹೋಲ್ ಬಿಗಿಯಾಗಿ ಮುಚ್ಚಿದ್ದರೆ ಒಳಗೆ ಗಾಳಿ ಹೋಗದೆ ಸೋರಿಕೆ ಗುಳು ಗುಳು ಅಂತ ನಿಂತು ನಿಂತು ಬರುತ್ತದೆ. ಒಂದು ಬಕೆಟ್ ತುಂಬುವ ಹೊತ್ತಿಗೆ ಅಳೆದರೆ ಮೋಸ ಹೋಗಬಹುದು. ಹರಿವು ಎಡೆಬಿಡದೆ ಇತ್ತಾ, ತಡೆತಡೆದು ಇತ್ತಾ ಅಂತ ವರದಿಯಲ್ಲಿ ಒಂದು ಶಬ್ದ ಬೇಕು. "ಜೋರಾಗಿ" ಅನ್ನುವುದಕ್ಕೆ ಅರ್ಥ ಇಲ್ಲ. ಹನಿಹನಿಯಾ, ಪೆನ್ಸಿಲ್ ದಪ್ಪದ ಧಾರೆಯಾ, ಹೆಬ್ಬೆರಳು ದಪ್ಪವಾ ಅಂತ ಹೇಳಿದರೂ ಕೇಳುವವನಿಗೆ ಚಿತ್ರ ಸಿಗುತ್ತದೆ. ತಳದ ಹತ್ತಿರ 6 ಮಿ.ಮೀ. ತೂತಾಗಿ ಮೇಲೆ ಒಂದೂವರೆ ಮೀಟರ್ ಆಸಿಡ್ ನಿಂತಿದ್ದರೆ ನಿಮಿಷಕ್ಕೆ 5-6 ಲೀಟರ್ ಬರುತ್ತದೆ. ತೂತು ಎರಡು ಪಟ್ಟು ಅಗಲ ಆದರೆ ಸೋರಿಕೆ ನಾಲ್ಕು ಪಟ್ಟು. ಅದಕ್ಕೇ ಹದಿನೈದು ನಿಮಿಷಕ್ಕೊಮ್ಮೆ "ಹಾಗೇ ಉಂಟು" ಅಥವಾ "ದಪ್ಪ ಆಯ್ತು" ಅಂತ ಹೇಳುತ್ತಿರಬೇಕು.

ಎಲ್ಲಿಂದ ಬರುತ್ತಿದೆ ಎಂಬುದೂ ಮುಖ್ಯ. ಫ್ಲ್ಯಾಂಜಿನ ಗ್ಯಾಸ್ಕೆಟ್ ಹೋದದ್ದಾದರೆ ಪಟ್ಟಿ ಕಟ್ಟಬಹುದು, ಇಲ್ಲಿ ಕಟ್ಟಿದ ಹಾಗೆ. ತಗಡಿನಲ್ಲೇ ತೂತು ಬಿದ್ದಿದ್ದರೆ ಮರದ ಬೆಣೆ ಹೊಡೆಯಬಾರದು. ಹೊರಗೆ ಸೂಜಿಮೊನೆಯಷ್ಟು ಕಂಡರೂ ರಬ್ಬರಿನ ಹಿಂದೆ ಕಬ್ಬಿಣ ಕಾಗದದ ಹಾಗೆ ತೆಳು ಆಗಿರುತ್ತದೆ. ಒಂದು ಪೆಟ್ಟಿಗೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ.

ಟೋಲ್‌ಗೇಟ್
ಗಾಡಿಯನ್ನು ಮನೆ ಇಲ್ಲದ ಕಡೆ ಒಯ್ದು ನಿಲ್ಲಿಸಬಹುದಿತ್ತಲ್ಲ?

ರಬ್ಬರ್ ಲೈನಿಂಗ್
ಕಂಡ ಕೂಡ್ಲೆ ನೂರಿನ್ನೂರು ಮೀಟರ್ ಆದರೆ ಸರಿ. ಒಮ್ಮೆ ನಿಂತ ಮೇಲೆ ಬೇಡ. ಆಸಿಡ್ ಬ್ರೇಕಿನ ಪೈಪ್, ವೈರಿಂಗ್ ಮೇಲೆ ಬಿದ್ದಿರುತ್ತದೆ. 30 ಟನ್ ಹತ್ತಿರದ ಗಾಡಿಗೆ ಬ್ರೇಕ್ ಹಿಡಿಯುತ್ತದೆ ಎಂದು ಯಾರು ಹೇಳುವುದು? ಜೊತೆಗೆ ದಾರಿಯುದ್ದ ಚೆಲ್ಲಿಕೊಂಡು ಹೋದ ಹಾಗೆ ಆಗುತ್ತದೆ.

ಕಡಲಗಾಳಿ
ನನಗೆ ಇಡೀ ವರದಿಯಲ್ಲಿ ಚುಚ್ಚಿದ್ದು "ಪೂರ್ವದ ಬದಿಗೆ ಹೋಗಲು ಹೇಳಿದೆ" ಎಂಬ ಮಾತು. ಯಾವ ತಿಂಗಳು ಇದು?

ಬೈಕಂಪಾಡಿ ಲೋಡಿಂಗ್
ಫೆಬ್ರವರಿ.

ಕಡಲಗಾಳಿ
ಹಾಗಾದರೆ ಬೆಳಿಗ್ಗೆ 7ಕ್ಕೆ ಅವನು ಹೇಳಿದ್ದು ಸರಿ. ಮಳೆಗಾಲ ಬಿಟ್ಟರೆ ನಮ್ಮಲ್ಲಿ ರಾತ್ರಿಯಿಂದ ಬೆಳಗಿನ ತನಕ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ. ಹಬೆ ಪಡುವಣಕ್ಕೆ ಹೋಗುತ್ತದೆ, ಜನ ಮೂಡಣಕ್ಕೆ ಹೋಗಬೇಕು. ಆದರೆ ಬಿಸಿಲು ಏರಿದ ಮೇಲೆ, ಹತ್ತು ಹನ್ನೊಂದು ಗಂಟೆ ಹೊತ್ತಿಗೆ, ಗಾಳಿ ತಿರುಗಿ ಕಡಲಿಂದ ಬೀಸುತ್ತದೆ. ತಿರುಗುವ ಮೊದಲು ಸ್ವಲ್ಪ ಹೊತ್ತು ಎಲೆ ಅಲ್ಲಾಡುವುದಿಲ್ಲ, ಹಬೆ ಅಲ್ಲೇ ಕೂತುಬಿಡುತ್ತದೆ. ಬೆಳಿಗ್ಗೆ ಯಾರನ್ನು "ಸುರಕ್ಷಿತ" ಅಂತ ಪೂರ್ವಕ್ಕೆ ಕಳಿಸಿದರೋ ಅವರೇ ಹತ್ತು ಗಂಟೆಗೆ ಹಬೆಯ ದಾರಿಯಲ್ಲಿ. ಅವರಿಗೆ ಎರಡನೇ ಸಲ ಯಾರು ಹೇಳಿದರು?

ಸುರತ್ಕಲ್ ಶಿಫ್ಟ್
ಇದು ತುಂಬ ಮುಖ್ಯ. ಸಮಯ ನೋಡಿ: ಪಂಪ್ ಮಾಡಿದ್ದು 9:15ರಿಂದ 10:20. ಪಂಪ್ ಮಾಡುವಾಗ ಖಾಲಿ ಟ್ಯಾಂಕರಿನ ಒಳಗಿನ ಗಾಳಿಯೆಲ್ಲಾ ಆಸಿಡಿನ ಹಬೆ ಹೊತ್ತು ಮೇಲಿನ ಬಾಯಿಯಿಂದ ಹೊರಗೆ ಬರಬೇಕು. ಒಳಗೆ ಎಷ್ಟು ಲೀಟರ್ ಆಸಿಡ್ ಹೋಯಿತೋ ಅಷ್ಟೇ ಲೀಟರ್ ಹಬೆ ಹೊರಗೆ, ಇಲ್ಲಿ 16,000 ಲೀಟರಿಗೂ ಮೇಲೆ. ಸೋರಿಕೆ ಕಮ್ಮಿಯಾಯಿತು ಅಂತ ಜನ ಹತ್ತಿರ ಬರುವ ಹೊತ್ತಿಗೇ ಹಬೆ ಜಾಸ್ತಿ, ಮತ್ತೆ ಗಾಳಿ ತಿರುಗುವ ಹೊತ್ತೂ ಅದೇ.

ಬೈಕಂಪಾಡಿ ಲೋಡಿಂಗ್
ಹತ್ತು ಗಂಟೆ ಮೇಲೆ ಪೂರ್ವದ ಸರ್ವಿಸ್ ರಸ್ತೆಯಲ್ಲಿ ನಿಂತವರಿಗೆ ಕಣ್ಣು ಉರಿದದ್ದು ಇದಕ್ಕೇ ಇರಬೇಕು. ಆಗ ಎಲ್ಲರೂ ಸೋರಿಕೆ ಮತ್ತೆ ಜಾಸ್ತಿಯಾಯಿತು ಅಂದುಕೊಂಡರು.

ಕಡಲಗಾಳಿ
ಅದಕ್ಕೇ "ಪೂರ್ವ" ಅನ್ನುವ ಶಬ್ದ ಎಚ್ಚರಿಕೆಯಲ್ಲಿ ಬೇಡ. "ಬಿಳಿ ಹೊಗೆ ನಿಮ್ಮ ಕಡೆ ಬಂದರೆ ಅಡ್ಡಕ್ಕೆ ಸರಿಯಿರಿ" ಅಂತ ಹೇಳಬೇಕು. ಉತ್ತರಕ್ಕೋ ದಕ್ಷಿಣಕ್ಕೋ ಹೆದ್ದಾರಿಯ ಉದ್ದಕ್ಕೆ ನಡೆದರೆ ಎರಡೂ ಗಾಳಿಗೆ ಅಡ್ಡ ಆಗುತ್ತದೆ. ಡಿವೈಡರ್ ಹಾರಿ ಆಚೆ ಹೋಗಿ ಅಂದರೆ ಓಡುವ ಗಾಡಿಗಳ ನಡುವೆ ಕಳಿಸಿದ ಹಾಗೆ. ಡ್ರೈವರ್ ಉತ್ತರ ಭಾರತದವನಾ? ಯಾವ ಭಾಷೆಯಲ್ಲಿ ಹೇಳಿದ?

ಬೈಕಂಪಾಡಿ ಲೋಡಿಂಗ್
ಹಿಂದಿ. ಕ್ಲೀನರ್‌ಗೆ ಸ್ವಲ್ಪ ಕನ್ನಡ ಬರುತ್ತದೆ.

ಕಡಲಗಾಳಿ
ಬೆಳಿಗ್ಗೆ ಹಾಲಿಗೆ, ಮೀನಿಗೆ ಹೊರಟ ಅಜ್ಜಿಗೆ ಹಿಂದಿ ಗೊತ್ತುಂಟಾ? ಕಾರ್ಡಿನ ಹಿಂದೆ "ಆಸಿಡ್ ಉಂಡು, ಮುಟ್ಟ ಬರೊಡ್ಚಿ" ಅಂತ ತುಳುವಿನಲ್ಲಿ ಒಂದು ಸಾಲು ಹಿಂದಿ ಅಕ್ಷರದಲ್ಲಿ ಬರೆದು ಅಂಟಿಸಿ. ಓದಿ ಕೂಗಲಿ.

ಸುರತ್ಕಲ್ ಶಿಫ್ಟ್
ಎಚ್ಚರಿಕೆಯ ಭಾಗ ಹೀಗೆ ಇದ್ದರೆ ಕೇಳುವ ಅಧಿಕಾರಿಗೆ ಉಪಯೋಗ: "6:45ರಿಂದ ಹಿಂದೆ 50 ಮೀಟರಲ್ಲಿ ತ್ರಿಕೋನ ಇಟ್ಟು ಕ್ಲೀನರ್ ನಿಂತ. ಎರಡು ಬಸ್ಸು ನಿಲ್ಲಿಸಿದ. ನಾಲ್ಕು ಬೈಕ್ ನಿಲ್ಲದೆ ಮಡುವಿನ ಮೇಲೆ ಹೋದವು. ಪಶ್ಚಿಮದ ಎರಡು ಅಂಗಡಿಗೆ ಹೇಳಿದೆ, ಒಂದು ಮುಚ್ಚಿದರು, ಒಂದು ಮುಚ್ಚಲಿಲ್ಲ." ಹೇಳಿದರೂ ಕೇಳದವರ ಲೆಕ್ಕ ಬೇಕೇ ಬೇಕು. ಆ ಬೈಕಿನವರನ್ನು ಮುಂದೆ ಎಲ್ಲಾದರೂ ನಿಲ್ಲಿಸಿ ಕಾಲು, ಟಯರ್ ತೊಳೆಸಬೇಕಾಗುತ್ತದೆ. "ಎಲ್ಲರಿಗೂ ಎಚ್ಚರಿಕೆ ಕೊಟ್ಟೆ" ಅಂದರೆ ಪೊಲೀಸರು ಆ ಅಂಗಡಿ ಖಾಲಿ ಅಂತಲೇ ತಿಳಿಯುತ್ತಾರೆ.

ಕಾರಿನವರಿಗೆ ಗ್ಲಾಸ್ ಏರಿಸಿ, ಹೊರಗಿನ ಗಾಳಿ ಎಳೆಯುವ ಎ.ಸಿ. ಬಂದ್ ಮಾಡಿ ಅಂತ ಹೇಳಬೇಕು. ನಡೆದು ಹೋಗುವವರು ಒದ್ದೆ ಬಟ್ಟೆ ಮೂಗಿಗೆ ಹಿಡಿಯಲಿ, ಈ ಹಬೆ ನೀರಿನಲ್ಲಿ ಬೇಗ ಕರಗುತ್ತದೆ. ಅದು ದಾಟಿ ಹೋಗುವಷ್ಟು ಹೊತ್ತಿಗೆ ಮಾತ್ರ, ನಿಂತು ವಿಡಿಯೋ ಮಾಡ್ಲಿಕ್ಕಲ್ಲ.

ಟೋಲ್‌ಗೇಟ್
2ಆರ್‌ನಲ್ಲಿ "ಆರ್" ಅಂದರೆ ನೀರು ಹಾಕಿ ತೆಳು ಮಾಡಿ ತೊಳೆಯಬಹುದು ಅಂತ. ಫೈರ್ ಗಾಡಿ ಬಂದ ಕೂಡ್ಲೆ ತೊಳೆದುಬಿಟ್ಟಿದ್ದರೆ ಇಷ್ಟು ಹೊತ್ತು ಬೇಕಿರಲಿಲ್ಲ.

ತೋಟದ ಮನೆ
ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಬಾವಿ ಆ ಜಾಗದಿಂದ 40 ಮೀಟರ್ ಇಲ್ಲ. ಚರಂಡಿ ಬಾವಿಯ ಪಕ್ಕದಲ್ಲೇ ತೋಡಿಗೆ ಸೇರುತ್ತದೆ. ಈಗ ನೀರು ಕುಡಿಯಬಹುದಾ?

ಸುರತ್ಕಲ್ ಶಿಫ್ಟ್
ಟೋಲ್‌ಗೇಟ್ ಸಂಕೇತ ಸರಿಯಾಗಿ ಓದಿದ್ದಾರೆ. ಆದರೆ 590 ಲೀಟರನ್ನು ಅಪಾಯ ಇಲ್ಲದಷ್ಟು ತೆಳು ಮಾಡ್ಲಿಕ್ಕೆ ಫೈರ್ ಗಾಡಿಗಳ ಸಾಲೇ ಬೇಕು, ಮನೆಗೊಂದು ಬಾವಿ ಇರುವ ಊರಿನಲ್ಲಿ ಅಷ್ಟು ನೀರು ಎಲ್ಲಿಗೆ ಬಿಡುವುದು? ನೀರಿನ ಮಂಜನ್ನು ಹಬೆಯ ಮೇಲೆ ಹಿಡಿಯಬೇಕು, ಮಡುವಿನ ಮೇಲಲ್ಲ. ಮಡುವಿಗೆ ಮೊದಲು ಮಣ್ಣಿನ ಕಟ್ಟೆ, ಆಮೇಲೆ ಸುಣ್ಣ. ಕಟ್ಟೆಗೆ ಕೆಂಪು ಮಣ್ಣು ಆಗುತ್ತದೆ. ಹತ್ತಿರ ಉಂಟು ಅಂತ ಕಡಲ ಮರಳು ತರಬೇಡಿ, ಅದರಲ್ಲಿ ಚಿಪ್ಪಿನ ಚೂರು ಇರುತ್ತದೆ, ಆಸಿಡ್ ತಾಗಿದರೆ ನೊರೆ ಉಕ್ಕಿ ಕಟ್ಟೆ ತೂತಾಗುತ್ತದೆ.

ಲೆಕ್ಕದ ಪುಸ್ತಕ
ಸುಣ್ಣದ ಲೆಕ್ಕ: ಲೀಟರಿಗೆ ಅರಳಿದ ಸುಣ್ಣ 380 ಗ್ರಾಂ ಹತ್ತಿರ, ಅದೂ ಶುದ್ಧ ಇದ್ದರೆ. 590 ಲೀಟರಿಗೆ 225 ಕೆ.ಜಿ. ಪೇಟೆಯ ಸುಣ್ಣ ಅಂದರೆ 300 ಹಿಡಿಯಿರಿ. "ಜೋರಾಗಿ ಸೋರುತ್ತಿದೆ" ಅಂತ ಕೇಳಿದವನಿಗೆ 50 ಕೆ.ಜಿ. ತರಬೇಕಾ 500 ತರಬೇಕಾ ಹೇಗೆ ಗೊತ್ತಾಗಬೇಕು?

ರಬ್ಬರ್ ಲೈನಿಂಗ್
ಅರಳಿಸದ ಚಿಪ್ಪು ಸುಣ್ಣ ಬೇಡ. ಅದೇ ಕುದಿಯುತ್ತದೆ, ಹಬೆ ಇನ್ನೂ ಏಳುತ್ತದೆ. ಅರಳಿದ್ದನ್ನೂ ಅಂಚಿನಿಂದ ಸ್ವಲ್ಪ ಸ್ವಲ್ಪ ಹಾಕಬೇಕು.

ಸುರತ್ಕಲ್ ಶಿಫ್ಟ್
ತೋಟದ ಮನೆಯವರೆ, ಪರೀಕ್ಷೆ ಆಗುವ ತನಕ ಕುಡಿಯಬೇಡಿ. ಪಿ.ಎಚ್. ಪಟ್ಟಿಯಿಂದ ನೋಡಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಸುಣ್ಣ ಹಾಕಿದ ಮೇಲೆ ಆಸಿಡ್ ಹೋಗಿ ಕ್ಯಾಲ್ಸಿಯಂ ಕ್ಲೋರೈಡ್ ಉಳಿಯುತ್ತದೆ, ಪಿ.ಎಚ್. ಸರಿ ತೋರಿಸಿದರೂ ನೀರು ಉಪ್ಪಾಗಿರಬಹುದು. ಕ್ಲೋರೈಡ್ ಬೇರೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಲೀಟರಿಗೆ 250 ಮಿಲಿಗ್ರಾಂ ತನಕ ಒಪ್ಪಿಗೆ. ಕಡಲ ಹತ್ತಿರದ ಬಾವಿಯಲ್ಲಿ ಮೊದಲೇ ಸ್ವಲ್ಪ ಇರುತ್ತದೆ, ಹಾಗಾಗಿ ಚರಂಡಿಯ ಹಾದಿಯಲ್ಲಿಲ್ಲದ ನೆರೆಮನೆಯ ಬಾವಿಯ ನೀರನ್ನೂ ಜೊತೆಗೆ ಕೊಡಿ. ಮತ್ತೆ ಮೊದಲ ಮಳೆ ಬಿದ್ದ ಮೇಲೆ ಇನ್ನೊಮ್ಮೆ, ಮಣ್ಣಿನಲ್ಲಿ ಉಳಿದದ್ದು ಆಗ ಇಳಿಯುತ್ತದೆ.

ತೋಟದ ಮನೆ
ತೋಡಿನ ಆಚೆ ಅಕ್ಕನ ಮನೆ ಬಾವಿ ಉಂಟು. ನಾಳೆ ಎರಡೂ ಬಾಟಲಿ ಕೊಂಡುಹೋಗುತ್ತೇನೆ.

ಬೈಕಂಪಾಡಿ ಲೋಡಿಂಗ್
ವರದಿಯ ನಮೂನೆ ಬದಲಾಯಿಸುತ್ತಾ ಇದ್ದೇನೆ. ಬಿಲ್ಲಿನ ನಂಬರ್ ಮತ್ತು ಮೂರು ಫಲಕದ ನಂಬರಿಗೆ ಬೇರೆ ಬೇರೆ ಖಾನೆ. ಸೋರಿಕೆಗೆ ಸಮಯ, ಧಾರೆಯ ದಪ್ಪ, ಹೇಗೆ ಅಳೆದದ್ದು ಎಂಬ ಖಾನೆ. ಎಚ್ಚರಿಕೆಗೆ ಯಾರಿಗೆ, ಎಷ್ಟು ಹೊತ್ತಿಗೆ, ಕೇಳಿದರಾ ಇಲ್ಲವಾ, ಆಗ ಹೊಗೆ ಯಾವ ಕಡೆ ಹೋಗುತ್ತಿತ್ತು. ಬಕೆಟ್ ಮಾತ್ರ ಏನು ಮಾಡುವುದು? ನಮೂನೆಯಲ್ಲಿ "ಬಕೆಟ್‌ನಿಂದ" ಅಂತ ಆಯ್ಕೆ ಕೊಟ್ಟರೆ ಡ್ರೈವರ್‌ಗಳು ಇಡಲೇಬೇಕು ಅಂದುಕೊಳ್ತಾರೆ.

ಸುರತ್ಕಲ್ ಶಿಫ್ಟ್
ತೆಗೆಯಿರಿ.

ಲೆಕ್ಕದ ಪುಸ್ತಕ
ಇಡಿ. ಸೂಟ್ ಹಾಕಿದ ಕಾರ್ಖಾನೆಯವರು ಬಂದ ಮೇಲೆ ಅವರು ಅಳೆಯಲಿ, ಡ್ರೈವರ್ ಬರೆದುಕೊಳ್ಳಲಿ. ಬಕೆಟ್ ಇಲ್ಲದಿದ್ದರೆ 784ನ್ನೇ ರಸ್ತೆಗೆ ಹೋದದ್ದು ಅಂತ ಬರೆಯುತ್ತಿದ್ದೆವು.

ರಬ್ಬರ್ ಲೈನಿಂಗ್
ಬ್ಯಾರಲ್ ತೂಕ ಮಾಡಿದ್ದರೂ ಅದು ಗೊತ್ತಾಗ್ತಿತ್ತು. ಅದಕ್ಕೂ ಒಂದು ಖಾನೆ ಹಾಕಿ.